ಗಿಫ್ಟ್ ಐಟಮ್ಸ್, ಇಪ್ಪತ್ತು ಡಾಲರ್

ಹೂಸ್ಟನ್ನಿನ ನೈಋತ್ಯಕ್ಕಿರುವ ಶುಗರ್ ಲ್ಯಾಂಡಿಗೆ ಆ ಹೆಸರು ಬಂದದ್ದು ಒಂದು ಸಕ್ಕರೆ ಕಾರ್ಖಾನೆಯಿಂದ. ಕಾರ್ಖಾನೆ 2003ರಲ್ಲಿ ಬಾಗಿಲು ಹಾಕಿತು. ಈಗ ಆ ಊರಿನಿಂದ ಹೊರದೇಶಕ್ಕೆ ಹೋಗುವ ಮುಖ್ಯ ಸರಕು, ನನ್ನ ಅಂದಾಜಿನಲ್ಲಿ, ಅಪ್ಪ ಅಮ್ಮನ ಸಕ್ಕರೆ ಕಾಯಿಲೆಗೆ ಬೇಕಾದ ಬಾದಾಮಿ. ಅದನ್ನು ಕಳಿಸುವವನು ನಮಗೆಲ್ಲ ಪರಿಚಿತ. ಹೂಸ್ಟನ್ ಕನ್ನಡ ವೃಂದದ ಯುಗಾದಿ ಊಟದ ಸಾಲಿನಲ್ಲಿ ನಿಮ್ಮ ಹಿಂದೆ ನಿಂತು, ಮನೆ ಸಾಲದ ಬಡ್ಡಿ ದರವನ್ನು ದಶಮಾಂಶದ ಮೂರನೇ ಸ್ಥಾನದವರೆಗೆ ಹೇಳಬಲ್ಲವನು. ಆಫೀಸಿನಲ್ಲಿ ನಲವತ್ತು ಪುಟದ ಒಪ್ಪಂದವನ್ನು ಅಲ್ಪವಿರಾಮ ಬಿಡದೆ ಓದುವವನು. ಅಂಥವನು ಹಾಸನದಲ್ಲಿರುವ ತಂದೆ ತಾಯಿಗೆ ಒಂದು ಡಬ್ಬ ಕಟ್ಟಿದನೆಂದರೆ, ಕಸ್ಟಮ್ಸ್ ಫಾರಂ ಮೇಲೆ ಎರಡೇ ಎರಡು ಸಂಗತಿ ಬರೆಯುತ್ತಾನೆ: ಗಿಫ್ಟ್ ಐಟಮ್ಸ್, ಇಪ್ಪತ್ತು ಡಾಲರ್. ಆಮೇಲೆ ಡಬ್ಬ ಬೆಂಗಳೂರಿಗೋ ದೆಹಲಿಗೋ ಬಂದು ಕೂತಾಗ ಇಡೀ ಕಸ್ಟಮ್ಸ್ ಇಲಾಖೆಗೆ ಶಾಪ ಹಾಕುತ್ತಾನೆ. ಡಬ್ಬವನ್ನು ಅಲ್ಲಿ ಕೂರಿಸಿದ್ದು ಇಲಾಖೆಯಲ್ಲ, ಸುಂಕ ಉಳಿಸಲು ಹೊರಟ ಆ ಎರಡು ಸಂಗತಿಗಳೇ ಎಂಬುದು ನನ್ನ ವಾದ.

ಮೊದಲು ‘ಗಿಫ್ಟ್’ ಅನ್ನುವುದನ್ನೇ ನೋಡೋಣ. ಅದನ್ನು ನಮ್ಮವನು ಮಂತ್ರದ ಹಾಗೆ ಬಳಸುತ್ತಾನೆ, ಆ ಮಂತ್ರಕ್ಕೆ ಒಂದು ಕಾಲದಲ್ಲಿ ಶಕ್ತಿಯೂ ಇತ್ತು. ಉಡುಗೊರೆಯಾಗಿ ಅಂಚೆಯಲ್ಲೋ ವಿಮಾನದಲ್ಲೋ ಬಂದ ಸಣ್ಣ ಬೆಲೆಯ ಸಾಮಾನಿಗೆ ಭಾರತ ಸುಂಕ ಬಿಡುತ್ತಿತ್ತು. ವಿದೇಶಿ ಮಾರಾಟದ ಜಾಲತಾಣಗಳು ಗ್ರಾಹಕರು ಕೊಂಡ ಸಾಮಾನನ್ನೆಲ್ಲ ‘ಉಡುಗೊರೆ’ ಎಂದು ಒಳಗೆ ನುಗ್ಗಿಸತೊಡಗಿದ ಮೇಲೆ, 2019ರ ಡಿಸೆಂಬರಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಆ ಬಾಗಿಲು ಮುಚ್ಚಿತು. ಉಳಿದ ರಿಯಾಯಿತಿ ಎರಡಕ್ಕೆ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿ ಅಂದರೆ ರಾಖಿ ಮಾತ್ರ, ಜೊತೆಗಿಟ್ಟ ಚಾಕೊಲೇಟ್ ಡಬ್ಬ ಅಲ್ಲ ಎಂದು ಆದೇಶ ಬಿಡಿಸಿ ಹೇಳುತ್ತದೆ. ಅಕ್ಕ ತಂಗಿಯರ ಪ್ರೀತಿಯನ್ನು ಇಷ್ಟು ನಿಖರವಾಗಿ ತೂಗಿದ ಸರ್ಕಾರಿ ಆದೇಶ ಇನ್ನೊಂದಿರಲಾರದು. ಪೂರ್ತಿ ಸುಂಕ ಕಟ್ಟಿ ಉಡುಗೊರೆ ತರಿಸಿಕೊಳ್ಳಲು ಅಡ್ಡಿಯಿಲ್ಲ ಎಂಬ ವಿವರಣೆಯೂ ಅದರಲ್ಲೇ ಇದೆ. ಅಂದರೆ ಫಾರಂ ಮೇಲೆ ಗಿಫ್ಟ್ ಎಂದು ಬರೆಯುವುದು ತಪ್ಪಲ್ಲ, ಬರೆದರೆ ಏನೋ ಉಳಿಯುತ್ತದೆ ಎಂದುಕೊಳ್ಳುವುದು ತಪ್ಪು. ನಮ್ಮವನಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಡಾಲಸ್ಸಿನಲ್ಲಿರುವ ಷಡ್ಡಕ 2014ರಲ್ಲಿ ಹೇಳಿದ್ದೇ ಅವನ ಪಾಲಿಗೆ ಈಗಲೂ ಕಾನೂನು.

ಇನ್ನು ಇಪ್ಪತ್ತು ಡಾಲರ್. ಡಬ್ಬದೊಳಗೆ ಇರುವುದೇನು? ಬಾದಾಮಿಯ ದೊಡ್ಡ ಪೊಟ್ಟಣ, ವಿಟಮಿನ್ ಸೀಸೆ ಎರಡು, ಬಿಪಿ ನೋಡುವ ಯಂತ್ರ, ಅಮ್ಮನಿಗೆ ಸ್ವೆಟರ್, ಐನೂರು ಮಾತ್ರೆಯ ನೋವಿನ ಗುಳಿಗೆ ಸೀಸೆ. ಎಲ್ಲ ಸೇರಿ ನೂರು ಡಾಲರ್ ಎನ್ನೋಣ. ಅಧಿಕಾರಿ ಎಕ್ಸ್‌ರೇಯಲ್ಲಿ ನೋಡುತ್ತಾನೆ: ಯಂತ್ರವಿದೆ, ಸೀಸೆಗಳಿವೆ, ಬೆಲೆ ಇಪ್ಪತ್ತು. ಅನುಮಾನ ಬಂದರೆ ಬರೆದ ಬೆಲೆಯನ್ನು ತಳ್ಳಿಹಾಕಿ ತಾನೇ ಬೆಲೆ ಕಟ್ಟುವ ಅಧಿಕಾರ ಅವನಿಗಿದೆ. ಬಿಲ್ ತೋರಿಸಿ ಎಂದು ಕೇಳುವುದು ಹಾಸನದಲ್ಲಿರುವ ಅಪ್ಪನನ್ನು. ಅವರ ಬಳಿ ಬಿಲ್ ಇಲ್ಲ. ಎಷ್ಟೋ ಸಲ ಅಂಗಡಿಯ ಬಿಲ್ಲು ಸ್ವೆಟರಿನ ಮಡಿಕೆಯಲ್ಲೇ ಇರುತ್ತದೆ, ನೂರು ಡಾಲರ್ ಎಂದು ದಪ್ಪ ಅಕ್ಷರದಲ್ಲಿ, ಶುಗರ್ ಲ್ಯಾಂಡಿನ ಶೇ. 8.25 ಮಾರಾಟ ತೆರಿಗೆ ಸಮೇತ. ಅಲ್ಲಿಂದ ಮುಂದೆ ದಂಡದ ಮಾತು ಬರಬಹುದು. ಮಾತುಕತೆ ನಡೆಯುವಷ್ಟು ದಿನ ಗೋದಾಮಿನ ಬಾಡಿಗೆಯೂ ಓಡುತ್ತಿರುತ್ತದೆ.

‘ಹಾಗಾದರೆ ನಿಜ ಬರೆದರೆ ಸುಂಕ ಹಾಕುವುದಿಲ್ಲವೇ?’ ಎಂದು ನಮ್ಮವನು ಕೇಳುತ್ತಾನೆ. ಹಾಕುತ್ತಾರೆ. ಎಷ್ಟು ಎಂಬುದನ್ನು ಅವನು ಒಮ್ಮೆಯೂ ಲೆಕ್ಕ ಹಾಕಿಲ್ಲ. ಸುಂಕ ಬೀಳುವುದು ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ. ಇದನ್ನು ಕೇಳಿದ ಕೂಡಲೇ ಅವನ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಕೊರಿಯರಿನವನು ನೂರೈವತ್ತು ಡಾಲರ್ ತೆಗೆದುಕೊಂಡಿದ್ದಾನೆ. ಆದರೆ ವಿಮಾನದಲ್ಲಿ ಬಂದ ಸರಕಿಗೆ ಸಾಗಣೆಯನ್ನು ಸಾಮಾನಿನ ಬೆಲೆಯ ಶೇ. 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು ನಿಯಮವೇ ಮಿತಿ ಹಾಕಿದೆ. ಹಾಗಾಗಿ ನೂರು ಡಾಲರಿನ ಡಬ್ಬ ಲೆಕ್ಕದಲ್ಲಿ ಸುಮಾರು 121 ಡಾಲರ್ ಆಗುತ್ತದೆ, 250 ಅಲ್ಲ. 2020ರ ಸುಮಾರಿಗೆ ಮೂಲ ಸುಂಕ, ಸೆಸ್, ಐಜಿಎಸ್‌ಟಿ ಎಲ್ಲ ಸೇರಿ ಶೇ. 77 ದಾಟುತ್ತಿತ್ತು, ಅಂದರೆ ತೊಂಬತ್ತು ಚಿಲ್ಲರೆ ಡಾಲರ್. ಆಗಿನ ಅವನ ಭಯಕ್ಕೆ ಅರ್ಥವಿತ್ತು. ಆಮೇಲೆ ದರ ಇಳಿಯುತ್ತ ಬಂದಿದೆ. ಸ್ವಂತ ಬಳಕೆಯ ಸಾಮಾನಿನ ಮೂಲ ಸುಂಕವನ್ನು 2026ರ ಬಜೆಟ್ ಶೇ. 20ರಿಂದ 10ಕ್ಕೆ ತಂದಿತು. ಅದು ಹನ್ನೆರಡು ಡಾಲರ್, ಅದರ ಮೇಲೆ ಐಜಿಎಸ್‌ಟಿ ಬೇರೆ. ಕಳಿಸುವ ವಾರದ ದರವನ್ನು ನೋಡಿಕೊಳ್ಳಬೇಕು ನಿಜ. ಆದರೆ ನೂರೈವತ್ತು ಡಾಲರ್ ಬಾಡಿಗೆಯನ್ನು ಚಕಾರವೆತ್ತದೆ ಕೊಟ್ಟವನು, ಅದಕ್ಕಿಂತ ಎಷ್ಟೋ ಕಡಿಮೆಯ ಸುಂಕಕ್ಕೆ ಅಂಜಿ ಸುಳ್ಳು ಬರೆಯುವುದಿದೆಯಲ್ಲ, ಅದು ನಮ್ಮ ಜನರ ವಿಶೇಷ ಪ್ರತಿಭೆ.

ಆ ಬಾಡಿಗೆಯಾದರೂ ಅಷ್ಟು ಏಕಾಯಿತು? ಗೋದಾಮಿನಂಥ ಅಂಗಡಿಯಿಂದ ಪುಕ್ಕಟೆ ಸಿಕ್ಕ ದೊಡ್ಡ ಡಬ್ಬಕ್ಕೆ ಸಾಮಾನು ತುಂಬಿ, ಉಳಿದ ಜಾಗಕ್ಕೆ ಗಾಳಿಯ ಚೀಲ ತುರುಕಿದ್ದರಿಂದ. ಅಮೆರಿಕದ ದೊಡ್ಡ ಕೊರಿಯರ್ ಕಂಪನಿಗಳು ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 139ರಿಂದ ಭಾಗಿಸಿ, ಬಂದ ಪೌಂಡು ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದುಡ್ಡು ಕೇಳುತ್ತವೆ. ಹದಿನೆಂಟು, ಹದಿನೆಂಟು, ಹದಿನಾರು ಇಂಚಿನ ಡಬ್ಬ ಹೀಗೆ 38 ಪೌಂಡ್ ಆಗುತ್ತದೆ, ಒಳಗಿರುವುದು ಹನ್ನೆರಡೇ ಪೌಂಡ್ ಆದರೂ. ಹದಿನಾಲ್ಕು, ಹನ್ನೆರಡು, ಹತ್ತರ ಡಬ್ಬಕ್ಕೆ ಅದೇ ಸಾಮಾನು ಒತ್ತಿ ಹಿಡಿಸಿದರೆ 13 ಪೌಂಡ್. ವ್ಯತ್ಯಾಸದ ಇಪ್ಪತ್ತೈದು ಪೌಂಡ್ ಟೆಕ್ಸಸ್ಸಿನ ಗಾಳಿ, ಅದಕ್ಕೆ ಹಾಸನದಲ್ಲಿ ಬರವಿಲ್ಲ.

ಮಾತ್ರೆಯ ಸೀಸೆಯನ್ನಂತೂ ತೆಗೆದಿಡಬೇಕು. ಪ್ರಯಾಣಿಕರು ಸ್ವಂತ ಬಳಕೆಗೆ ಜೊತೆಯಲ್ಲೇ ತರುವ ಔಷಧಿಗೇ ಭಾರತದ ಔಷಧ ನಿಯಮಗಳು ನೂರು ಸರಾಸರಿ ಡೋಸುಗಳ ಮಿತಿ ಹಾಕಿವೆ, ಡಬ್ಬದಲ್ಲಿ ತರಿಸಿಕೊಳ್ಳುವುದಕ್ಕಂತೂ ಪರವಾನಗಿಯೇ ಬೇಕು. ಐನೂರರ ಸೀಸೆ ಆ ಮಿತಿಯನ್ನು ಹಾರಿ ಕುಳಿತಿದೆ. ಅದರಲ್ಲಿರುವುದು ಪ್ಯಾರಾಸಿಟಮಾಲ್, ಅಪ್ಪನ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವಂಥದ್ದು. ಒಂದು ಸೀಸೆಯ ದೆಸೆಯಿಂದ ಸ್ವೆಟರು, ಬಾದಾಮಿ, ಯಂತ್ರ ಎಲ್ಲಕ್ಕೂ ಗೋದಾಮು ವಾಸ.

ಇಷ್ಟೆಲ್ಲ ಸರಿಮಾಡಿದರೂ ಡಬ್ಬ ನಿಲ್ಲುವ ಇನ್ನೊಂದು ಜಾಗವಿದೆ. ಅಲ್ಲಿ ನಮ್ಮವನ ಪಿತೃಭಕ್ತಿಯೇ ಅವನಿಗೆ ಮುಳುವಾಗುತ್ತದೆ. ಕೊರಿಯರಿನಲ್ಲಿ ಬಂದ ಡಬ್ಬ ಬಿಡಿಸಲು ಪಡೆಯುವವರ ಗುರುತಿನ ದಾಖಲೆ ಬೇಕು: ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಇಂಥದೊಂದು. ಲೇಬಲ್ಲಿನ ಮೇಲೆ ಇವನು ‘ಶಂಕರಣ್ಣ, ಗಣೇಶನ ಗುಡಿ ಎದುರು’ ಎಂದು ಬರೆದಿದ್ದಾನೆ. ಆಧಾರ್‌ನಲ್ಲಿ ಹೆಸರು ‘ಹೆಚ್. ಎಸ್. ಶಂಕರನಾರಾಯಣ’, ವಿಳಾಸ ಹತ್ತು ವರ್ಷದ ಹಿಂದಿನ ಬಾಡಿಗೆ ಮನೆಯದು. ಎರಡೂ ಒಬ್ಬರೇ ಎಂದು ಬೀದಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದೂ ಹೋಗಲಿ, ಕೊರಿಯರಿನವರು ಕರೆ ಮಾಡುತ್ತಾರಲ್ಲ: ‘ಸಾರ್, ನಿಮ್ಮ ಹೆಸರಿಗೆ ಅಮೆರಿಕದಿಂದ ಪಾರ್ಸೆಲ್ ಬಂದಿದೆ, ಆಧಾರ್ ಕಳಿಸಿ, ಸುಂಕ ಕಟ್ಟಿ.’ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಹೆದರಿಸಿ, ವಿಡಿಯೋ ಕರೆಯಲ್ಲೇ ‘ಬಂಧಿಸಿ’ ನಿವೃತ್ತರ ಉಳಿತಾಯ ದೋಚುವ ಕಳ್ಳರು ಆಡುವ ಮಾತೂ ಶುರುವಿಗೆ ಇದೇ. ಮಗನೇ ಪ್ರತಿ ಭಾನುವಾರ ಬೋಧಿಸಿದ್ದಾನೆ: ‘ಅಪ್ಪಾ, ಗೊತ್ತಿಲ್ಲದ ನಂಬರಿಗೆ ಆಧಾರ್ ಕೊಡ್ಬೇಡಿ, ಪಾರ್ಸೆಲ್ ಅಂದ್ರೆ ಫೋನ್ ಇಟ್ಬಿಡಿ.’ ಮೇಷ್ಟ್ರಾಗಿ ನಿವೃತ್ತರಾದ ಅಪ್ಪ ಶಿಸ್ತಿನ ಮನುಷ್ಯ. ಇಟ್ಟುಬಿಟ್ಟರು. ಎರಡನೇ ಸಲ ಕರೆ ಬಂದಾಗ ನಂಬರನ್ನೇ ಬ್ಲಾಕ್ ಮಾಡಿ, ಮಗನಿಗೆ ಹೆಮ್ಮೆಯಿಂದ ಹೇಳಿದರು: ‘ಇವತ್ತೂ ಒಬ್ಬ ಕಳ್ಳ ಫೋನ್ ಮಾಡಿದ್ದ ಕಣೋ.’

ಮಗ ಡಬ್ಬದ ಸುದ್ದಿಯನ್ನು ಹೇಳಿರಲೇ ಇಲ್ಲ, ಸರ್‌ಪ್ರೈಸ್ ನೋಡಿ. ಸರ್‌ಪ್ರೈಸ್ ಇಲ್ಲದೆ ಉಡುಗೊರೆಗೆ ಏನು ರುಚಿ ಎನ್ನುವವರಿಗೆ ನನ್ನ ಉತ್ತರ: ಡಬ್ಬದೊಳಗೆ ಏನಿದೆ ಎಂಬುದು ಗುಟ್ಟಾಗಿರಲಿ, ಡಬ್ಬ ಬರುತ್ತಿದೆ ಎಂಬುದು ಬೇಡ. ಕಳಿಸಿದ ದಿನವೇ ಟ್ರ್ಯಾಕಿಂಗ್ ನಂಬರನ್ನು ಅಪ್ಪನಿಗೂ ಊರಲ್ಲಿರುವ ತಂಗಿಗೂ ಕಳಿಸಬೇಕು. ಕರೆ ಮಾಡಿದವನು ಆ ನಂಬರು ಹೇಳಿದರೂ ಅವನಿಗೇ ಏನನ್ನೂ ಕೊಡದೆ, ತಂಗಿ ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ, ನಂಬರು ಹಾಕಿ, ದಾಖಲೆ ಬೇಕೆಂದು ಅಲ್ಲಿ ಕಂಡರೆ ಅಲ್ಲೇ ಹಾಕಬೇಕು. ಸುಂಕದ ದುಡ್ಡನ್ನು ಅಪ್ಪನಿಂದ ಕೇಳಿಸದಿರುವ ದಾರಿಯೂ ಇದೆ. ಬುಕ್ ಮಾಡುವಾಗಲೇ ಸುಂಕ ಕಳಿಸುವವರ ಖಾತೆಗೆ ಎಂದು ಆರಿಸಬಹುದು. ಅದಕ್ಕೊಂದು ಶುಲ್ಕವಿದೆ ಎಂದು ನಮ್ಮವನು ಅದನ್ನು ಮುಟ್ಟುವುದಿಲ್ಲ. ಆಗ ಕಂಪನಿ ಮುಂಗಡವಾಗಿ ಸುಂಕ ಕಟ್ಟಿ, ಕಟ್ಟಿದ್ದಕ್ಕೆ ತನ್ನ ಶುಲ್ಕ ಸೇರಿಸಿ, ಪಿಂಚಣಿದಾರರ ಬಾಗಿಲಲ್ಲಿ ಬಿಲ್ ಹಿಡಿಯುತ್ತದೆ. ಉಡುಗೊರೆ ಪಡೆದವರೇ ದುಡ್ಡು ತೆತ್ತು, ‘ಯಾಕೋ ಇಷ್ಟೊಂದು ಖರ್ಚು ಮಾಡ್ದೆ’ ಎಂದು ಮಗನನ್ನೇ ಗದರುತ್ತಾರೆ.

ಇದೆಲ್ಲ ಬೇಡ, ಊರಿಗೆ ಹೊರಟವರ ಕೈಲಿ ಕಳಿಸಿದರಾಯಿತು ಎನ್ನುವವರ ಮಾತಿನಲ್ಲಿ ಹುರುಳಿದೆ. 2016ರ ಬ್ಯಾಗೇಜ್ ನಿಯಮವೇ ಭಾರತ ಮೂಲದ ಪ್ರಯಾಣಿಕರಿಗೆ ಐವತ್ತು ಸಾವಿರ ರೂಪಾಯಿಯ ಸಾಮಾನಿಗೆ ಸುಂಕ ಬಿಟ್ಟಿತ್ತು, 2026ರ ಹೊಸ ನಿಯಮ ಮಿತಿಯನ್ನು ಇನ್ನೂ ಏರಿಸಿದೆ. ಆದರೆ ಆ ಮಿತಿ ಹೊತ್ತು ಹೋಗುವವರದು, ಅವರಿಗೂ ಅಪ್ಪ ಅಮ್ಮ ಇದ್ದಾರೆ. ಬಿಪಿ ಯಂತ್ರವನ್ನು ಶುಗರ್ ಲ್ಯಾಂಡಿನಲ್ಲಿ ಕೂತೇ ಭಾರತದ ಅಂಗಡಿಗೆ ಆರ್ಡರ್ ಮಾಡಿದರೆ ಎರಡು ದಿನಕ್ಕೆ ಹಾಸನಕ್ಕೆ ಬರುತ್ತದೆ, ವಾರಂಟಿಯೂ ಅಲ್ಲೇ ಸಿಗುತ್ತದೆ ಎಂಬುದೂ ನಿಜ. ಆದರೆ ಟೆಕ್ಸಸ್ಸಿನ ಅಂಟುಪಟ್ಟಿ ಸುತ್ತಿದ ಡಬ್ಬವನ್ನು ನೆರೆಮನೆಯವರ ಎದುರು ಬಿಚ್ಚುವ ಸುಖ ಅದರಲ್ಲಿಲ್ಲ, ಹಾಗಾಗಿ ಡಬ್ಬ ಹೋಗುತ್ತಲೇ ಇರುತ್ತದೆ. ಹೋಗುವುದಾದರೆ ಪ್ರತಿ ವಸ್ತುವಿನ ಹೆಸರು, ಎಣಿಕೆ, ಕೊಂಡ ಬೆಲೆಯನ್ನು ಬೇರೆ ಬೇರೆ ಸಾಲಿನಲ್ಲಿ ಬರೆದು, ಬಿಲ್ಲಿನ ನಕಲನ್ನು ತಂಗಿಗೆ ಕಳಿಸಿ ಹೋಗಲಿ.

ಅಮೆರಿಕದ ಅಂಚೆಯ ಫಾರಮಿನಲ್ಲಿ ಕೊನೆಗೊಂದು ಪ್ರಶ್ನೆಯಿದೆ: ತಲುಪದಿದ್ದರೆ ಡಬ್ಬವನ್ನು ಏನು ಮಾಡಬೇಕು? ಬಿಟ್ಟುಬಿಡಿ ಎನ್ನಬಹುದು, ಕಳಿಸಿದವರ ಖರ್ಚಿನಲ್ಲಿ ವಾಪಸ್ ಕಳಿಸಿ ಎನ್ನಬಹುದು. ಖರ್ಚಿನ ವಿಷಯ ಸಣ್ಣಕ್ಷರದಲ್ಲಿರುತ್ತದೆ. ನಲವತ್ತು ಪುಟದ ಒಪ್ಪಂದ ಓದುವ ನಮ್ಮವನು ಇದನ್ನು ಓದದೆ ವಾಪಸ್ಸಿಗೆ ಗುರುತು ಹಾಕುತ್ತಾನೆ. ಎಷ್ಟೋ ತಿಂಗಳ ಮೇಲೆ ಡಬ್ಬ ಶುಗರ್ ಲ್ಯಾಂಡಿನ ಬಾಗಿಲಿಗೆ ಬಂದಾಗ ಹಿಂದಿರುಗಿದ ಬಾಡಿಗೆಯನ್ನೂ ಕೊಟ್ಟು ಒಳಗೆ ತರುತ್ತಾನೆ. ಬಾದಾಮಿಯ ಅವಧಿ ಇನ್ನೂ ಮುಗಿದಿರುವುದಿಲ್ಲ. ಮುಂದಿನ ತಿಂಗಳು ಆಸ್ಟಿನ್ನಿನ ಸ್ನೇಹಿತ ಊರಿಗೆ ಹೊರಟಿದ್ದಾನಂತೆ, ಅವನ ಸೂಟ್‌ಕೇಸಿನಲ್ಲಿ ಎಷ್ಟು ಜಾಗವಿದೆ ಎಂದು ಆಗಲೇ ಫೋನು ಹೋಗಿರುತ್ತದೆ.