‘ಗಮನಿಸಲಾಗಿದೆ’ ಎಂದು ಉತ್ತರಿಸಿದ ಮಹನೀಯರಿಗೆ

ಲೆಕ್ಕಪತ್ರ ವಿಭಾಗದ ಸನ್ಮಾನ್ಯ ಮುಖ್ಯಸ್ಥರಿಗೆ, ಆಂತರಿಕ ಲೆಕ್ಕಪರಿಶೋಧಕನ ಸಾದರ ನಮಸ್ಕಾರಗಳು.

ನಮ್ಮ ಆಡಿಟ್ ಸ್ಲೈಡುಗಳಿಗೆ ತಾವು ಕಳಿಸಿದ ಉತ್ತರ ಪತ್ರ ಕೈಸೇರಿತು. ಕೇಳಿದ ದಿನದೊಳಗೇ ಕಳಿಸಿದಿರಿ, ಒಂದು ಆಕ್ಷೇಪಣೆಯನ್ನೂ ಬಿಡದೆ ಪ್ರತಿಯೊಂದರ ಮುಂದೆಯೂ ಒಂದು ಸಾಲು ಬರೆದಿರಿ. ಇದಕ್ಕೆ ನಾನು ಕೃತಜ್ಞ. ಆದರೆ ಯಾರು, ಏನನ್ನು, ಯಾವತ್ತಿನೊಳಗೆ ಮಾಡುತ್ತಾರೆ ಎಂಬುದು ಆ ಸಾಲುಗಳಲ್ಲಿ ಸರಿಯಾಗಿ ಸಿಗಲಿಲ್ಲವಾದ್ದರಿಂದ ತಮ್ಮನ್ನು ಮತ್ತೆ ಕಾಡಬೇಕಾಗಿದೆ. ಎಲ್ಲ ಆಕ್ಷೇಪಣೆಗಳನ್ನೂ ಎತ್ತಿಕೊಳ್ಳುವುದಿಲ್ಲ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಯಿತಲ್ಲ, ಅದೊಂದನ್ನೇ ದಯಮಾಡಿ ನನ್ನೊಡನೆ ನೋಡಬೇಕು.

ಸ್ಲೈಡಿನಲ್ಲಿ ಇದ್ದದ್ದು ಮೂರು ಸಾಲು. ಸಭೆಯಲ್ಲಿ ಬಾಯಿಮಾತಿನಲ್ಲಿ ಬಿಡಿಸಿ ಹೇಳುವುದಕ್ಕೆಂದೇ ಸ್ಲೈಡನ್ನು ಚಿಕ್ಕದಾಗಿ ಮಾಡುತ್ತಾರೆ. ಸಭೆಯಲ್ಲಿ ತಾವು ತಾಳ್ಮೆಯಿಂದ ಕೇಳಿದಿರಿ, ಒಪ್ಪಿಕೊಂಡಿರಿ. ಆಮೇಲೆ ಬಂದ ಉತ್ತರದಲ್ಲಿ ಮಾತ್ರ ಆ ಚರ್ಚೆಯ ಸುಳಿವೇ ಇಲ್ಲ. ‘ವೆಂಡರ್ ಮಾಸ್ಟರ್ ಬಲಪಡಿಸಬೇಕು’ ಎಂದು ನಾವು ಬರೆದಿದ್ದೆವು, ‘ಬಲಪಡಿಸಲಾಗುವುದು’ ಎಂದು ತಾವು ಬರೆದಿರಿ. ಜೊತೆಗೆ ‘ಗಮನಿಸಲಾಗಿದೆ, ಸಿಬ್ಬಂದಿಗೆ ಎಚ್ಚರಿಕೆ ನೀಡಲಾಗಿದೆ’ ಎಂದು ಸೇರಿಸಿದಿರಿ. ಆ ಎಚ್ಚರಿಕೆಯ ಗಡುವಿನ ಜಾಗದಲ್ಲಿ ‘ನಿರಂತರ’ ಎಂದಿದೆ.

ಎಚ್ಚರಿಕೆ ಪಡೆದ ಹುಡುಗ ಮಾಡಿದ್ದೇನು ಎಂಬುದನ್ನು ಮತ್ತೊಮ್ಮೆ ಹೇಳಲು ಅಪ್ಪಣೆ ಕೊಡಿ. ಬೇರಿಂಗ್ ಪೂರೈಸುವವರ ₹1,18,000ದ ಬಿಲ್ಲು ಮಾಲಿನ ಜೊತೆ ಕಾರ್ಖಾನೆಗೆ ಬಂತು. ಅಲ್ಲಿ ಅದನ್ನು ಪರ್ಚೇಸ್ ಆರ್ಡರಿಗೆ ತಾಳೆ ನೋಡಿ, `PB/0417` ಎಂಬ ಸಂಖ್ಯೆಯಲ್ಲಿ ನಮೂದಿಸಿದರು, ಹಣವೂ ಹೋಯಿತು. ಅಷ್ಟರಲ್ಲಿ ಅದೇ ಬಿಲ್ಲಿನ ಪಿಡಿಎಫ್ ಪ್ರತಿ ಕೇಂದ್ರ ಕಚೇರಿಗೆ ಈಮೇಲಿನಲ್ಲಿ ಬಂದಿತ್ತು. ಇಲ್ಲಿನ ಹುಡುಗ ಅದನ್ನು `417` ಎಂದು ಟೈಪ್ ಮಾಡಿ, ಪರ್ಚೇಸ್ ಆರ್ಡರ್ ಇಲ್ಲದ ರಿಪೇರಿ ಖರ್ಚು ಎಂದು ದಾಖಲಿಸಿದ. ನಮ್ಮ ಸಾಫ್ಟ್‌ವೇರು ಒಂದೇ ವೆಂಡರ್ ಕೋಡಿನಲ್ಲಿ ಅಕ್ಷರಶಃ ಅದೇ ಸಂಖ್ಯೆ ಎರಡನೇ ಸಲ ಬಂದರೆ ಮಾತ್ರ ತಡೆಯುತ್ತದೆ. ಇಲ್ಲಿ ಸಂಖ್ಯೆಯೂ ಬೇರೆ, ಕೋಡೂ ಬೇರೆ. ಆ ಪೂರೈಕೆದಾರರಿಗೆ ಕರ್ನಾಟಕದ 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆಗೆ ಒಂದು ಕೋಡ್, ತಮಿಳುನಾಡಿನ 33ರಿಂದ ಶುರುವಾಗುವುದಕ್ಕೆ ಇನ್ನೊಂದು ಕೋಡ್ ನಮ್ಮಲ್ಲಿದೆ. ಹುಡುಗ ಎರಡನೆಯದನ್ನು ಆರಿಸಿದ. ಪರ್ಚೇಸ್ ಆರ್ಡರ್ ಕೇಳಿದ್ದಿದ್ದರೆ, ಮಾಲು ಬಂದದ್ದು ಒಂದೇ ಸಲ ಎಂದು ಅಲ್ಲಿಗೇ ಗೊತ್ತಾಗುತ್ತಿತ್ತು. ಅದನ್ನು ಕೇಳುವ ಕಟ್ಟಳೆಯೇ ನಮ್ಮಲ್ಲಿಲ್ಲ. ನಾಳೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತರೂ ಇದೇ ಆಗುತ್ತದೆ. ಆದ್ದರಿಂದ ಆ ಎಚ್ಚರಿಕೆ ಪತ್ರ ನನಗೆ ನೋವು ತಂದಿದೆ.

‘ಹಣ ವಸೂಲಿ ಪ್ರಗತಿಯಲ್ಲಿದೆ’ ಎಂಬ ಮಾತಿಗೂ ಧನ್ಯವಾದ. ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೀರೋ, ಚೆಕ್ಕು ತರಿಸುತ್ತೀರೋ, ಯಾವ ದಿನಕ್ಕೆ ಎಂಬುದನ್ನೂ ಬರೆದರೆ ಉಪಕಾರ. ಅದಕ್ಕಿಂತ ಅವಸರದ ವಿಷಯ ಒಂದಿದೆ. ಎರಡನೇ ನಮೂದಿನ ಜೊತೆ ₹18,000 ಇನ್‌ಪುಟ್ ಕ್ರೆಡಿಟ್ಟನ್ನೂ ಎರಡನೇ ಸಲ ತೆಗೆದುಕೊಂಡಿದ್ದೇವೆ. ಅದನ್ನು ವಾಪಸ್ ಮಾಡಬೇಕು. ಈಗಾಗಲೇ ಬಳಸಿಬಿಟ್ಟಿದ್ದರೆ ಬಡ್ಡಿಯನ್ನೂ ಕಟ್ಟಬೇಕು. ಪೂರೈಕೆದಾರರು ಬಿಲ್ಲನ್ನು ಒಂದೇ ಸಲ ಸಲ್ಲಿಸಿರುವುದರಿಂದ `GSTR-2B`ಯಲ್ಲಿ ಅದು ಒಂದೇ ಸಲ ಇದೆ. ಎರಡನೆಯದು ತಮ್ಮ ವಿಭಾಗದ ‘ತಾಳೆಯಾಗದವು’ ಪಟ್ಟಿಯಲ್ಲೇ ಬಿದ್ದಿತ್ತು. ಅಂದರೆ ಎರಡು ಸಲ ಹಣ ಹೋಗಿದೆ ಎಂದು ಹೇಳುವ ಕಾಗದ ಆಡಿಟ್ ಬರುವ ಮೊದಲೇ ತಮ್ಮ ಮೇಜಿನ ಮೇಲಿತ್ತು. ಆ ಪಟ್ಟಿಯನ್ನು ತಿಂಗಳಿಗೊಮ್ಮೆ ಓದುವವರು ಯಾರು ಎಂಬುದು ಉತ್ತರ ಪತ್ರದಲ್ಲಿ ಬರಬೇಕಾದ ಮೊದಲ ಹೆಸರು.

ವೆಂಡರ್ ಮಾಸ್ಟರ್ ‘ಬಲಪಡಿಸುವುದು’ ಎಂದರೆ ಇಲ್ಲಿ ಏನು ಎಂಬುದನ್ನೂ ವಿನಯದಿಂದ ಅರಿಕೆ ಮಾಡುತ್ತೇನೆ. ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೂರರಿಂದ ಹನ್ನೆರಡನೆಯ ಅಕ್ಷರದವರೆಗೆ ಇರುವುದು ಪ್ಯಾನ್. ಅದನ್ನು ಬೇರ್ಪಡಿಸಿ ವಿಂಗಡಿಸಿದರೆ ಒಂದೇ ಪ್ಯಾನಿನ ಕೋಡುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಎರಡು ರಾಜ್ಯದಲ್ಲಿ ಶಾಖೆ ಇರುವವರಿಗೆ ಎರಡು ಕೋಡ್ ಇರುವುದು ತಪ್ಪಲ್ಲ, ಒಂದನ್ನು ಮುಚ್ಚಿದರೆ ಕೆಲಸ ಕೆಡುತ್ತದೆ. ಬಿಲ್ಲನ್ನು ಪರೀಕ್ಷಿಸುವಾಗ ಸಾಫ್ಟ್‌ವೇರು ಕೋಡಿನ ಬದಲು ಪ್ಯಾನ್ ನೋಡಬೇಕು, ಸಂಖ್ಯೆಯಲ್ಲಿನ ಗೆರೆಗಳನ್ನೂ ಆರಂಭದ ಅಕ್ಷರ ಮತ್ತು ಸೊನ್ನೆಗಳನ್ನೂ ಬಿಟ್ಟು ಹೋಲಿಸಬೇಕು. ಇದು ಐಟಿ ವಿಭಾಗದ ಕೆಲಸ. ಅದರ ಗಡುವನ್ನು ತಾವೇ ಬರೆದುಕೊಟ್ಟಿರಿ, ಐಟಿಯವರಿಗೆ ಅದು ನನ್ನಿಂದಲೇ ಗೊತ್ತಾಯಿತು. ಅವರನ್ನು ಕೇಳಿ, ಅವರು ಒಪ್ಪಿದ ತಾರೀಖನ್ನು ಅವರ ಹುದ್ದೆಯ ಹೆಸರಿನ ಮುಂದೆ ಬರೆಯಿರಿ ಎಂದು ಕೈಮುಗಿದು ಕೇಳುತ್ತೇನೆ.

ಐಟಿಯವರು ಮೂರು ತಿಂಗಳು ಕೇಳಿದರೆ ಕೊಡೋಣ. ಆ ಮೂರು ತಿಂಗಳೂ ಪ್ರತಿ ವಾರ ಹಣ ಹೋಗುತ್ತಲೇ ಇರುತ್ತದಲ್ಲ, ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂಬುದಕ್ಕೆ ತಮ್ಮ ಪತ್ರ ಮೌನವಾಗಿದೆ. ಪ್ರತಿ ಪಾವತಿಗೆ ಮುಂಚೆ, ಒಂದೇ ಪ್ಯಾನಿಗೆ ಕಳೆದ ಹನ್ನೆರಡು ತಿಂಗಳಲ್ಲಿ ಅಷ್ಟೇ ಮೊತ್ತ ಹೋಗಿದೆಯೇ ಎಂಬ ಪಟ್ಟಿ ತೆಗೆಯಬಹುದು. ಬಾಡಿಗೆ, ನಿರ್ವಹಣಾ ಒಪ್ಪಂದದಂಥವು ಅದರಲ್ಲಿ ಸುಮ್ಮನೆ ಬರುತ್ತವೆ. ಆದ್ದರಿಂದ ಒಬ್ಬರು ಕೂತು ನೋಡಿ ಸಹಿ ಹಾಕಬೇಕು. ಮಾಲಿನ ಬಿಲ್ಲನ್ನು ಪರ್ಚೇಸ್ ಆರ್ಡರ್ ಇಲ್ಲದೆ ದಾಖಲಿಸಬಾರದು ಎಂಬ ಆದೇಶಕ್ಕಂತೂ ಯಾವ ಸಾಫ್ಟ್‌ವೇರೂ ಬೇಡ, ತಮ್ಮ ಸಹಿ ಸಾಕು.

ಇನ್ನು, ಹೀಗೆ ಎರಡು ಸಲ ಹಣ ಹೋದ, ನಮಗೆ ಸಿಕ್ಕ ಮೂರು ಪ್ರಕರಣಗಳನ್ನು ಸರಿಪಡಿಸಿ ಆಕ್ಷೇಪಣೆಯನ್ನು ಮುಚ್ಚಬೇಕೆಂದು ಕೋರಿದ್ದೀರಿ. ತಮ್ಮ ಉತ್ಸಾಹಕ್ಕೆ ವಂದನೆ. ಆದರೆ ನಾವು ನೋಡಿದ್ದು ಆಯ್ದ ಬಿಲ್ಲುಗಳನ್ನು ಮಾತ್ರ. ಉಳಿದವುಗಳಲ್ಲಿ ಎಷ್ಟಿವೆಯೋ ಅದನ್ನು ಹುಡುಕುವ ಹೊಣೆ ತಮ್ಮದು. ವರ್ಷದ ಎಲ್ಲ ಪಾವತಿಗಳ ಮೇಲೂ ಅದೇ ಪ್ಯಾನ್-ಮೊತ್ತದ ಪಟ್ಟಿ ಓಡಿಸುವ ತಾರೀಖೂ ಪತ್ರದಲ್ಲಿರಲಿ. ಸುತ್ತೋಲೆಯ ಪ್ರತಿ ಲಗತ್ತಿಸಿದ ಮಾತ್ರಕ್ಕೆ ನಾನು ಮುಚ್ಚಲಾರೆ. ಪರೀಕ್ಷಾ ಸರ್ವರಿನಲ್ಲಿ ಬೇಕೆಂದೇ `417` ಎಂದು ಇನ್ನೊಮ್ಮೆ ಹಾಕಿ, ಸಾಫ್ಟ್‌ವೇರು ತಡೆಯುವುದನ್ನು ಕಣ್ಣಾರೆ ನೋಡಬೇಕು. ಎರಡು ತಿಂಗಳ ಸಹಿಯಾದ ಪಟ್ಟಿಗಳನ್ನೂ ನೋಡಬೇಕು.

ಇವುಗಳಲ್ಲಿ ಯಾವುದಾದರೂ ಬೇಡವೆನಿಸಿದರೆ ‘ಭಾಗಶಃ ಒಪ್ಪಿದೆ’ ಎಂದು ಬರೆಯಬೇಡಿ. ಒಪ್ಪಿಲ್ಲ ಎಂದೇ ಬರೆದು ಕಾರಣ ಕೊಡಿ. 2025ರ ಜನವರಿ 9ರಿಂದ ಜಾರಿಯಲ್ಲಿರುವ ಆಂತರಿಕ ಲೆಕ್ಕಪರಿಶೋಧನೆಯ ಜಾಗತಿಕ ಮಾನದಂಡಗಳ ಪ್ರಕಾರವೂ ಭಿನ್ನಾಭಿಪ್ರಾಯ ಬಂದಾಗ ಇಬ್ಬರಿಗೂ ತಮ್ಮ ನಿಲುವು, ಕಾರಣ ಹೇಳಲು ಅವಕಾಶವಿರಬೇಕು. ತಮ್ಮ ಮಾತನ್ನು ಒಂದಕ್ಷರ ತಿದ್ದದೆ ಆಡಿಟ್ ಸಮಿತಿಯ ಮುಂದಿಡುತ್ತೇನೆ.

ಕೊನೆಯದಾಗಿ ಗಡುವು. ತಾರೀಖು ಕೊಟ್ಟ ಕಡೆಯಲ್ಲೆಲ್ಲ ಮಾರ್ಚ್ 31 ಎಂದಿದ್ದೀರಿ. ವರ್ಷಾಂತ್ಯದ ಲೆಕ್ಕ ಮುಗಿಸಲು ತಮ್ಮವರು ರಾತ್ರಿಯವರೆಗೆ ಕೂರುವ ದಿನ ಅದು. ಆದೇಶಕ್ಕೆ ಒಂದು ವಾರ, ಕ್ರೆಡಿಟ್ ವಾಪಸಾತಿಗೆ ಮುಂದಿನ ರಿಟರ್ನ್, ಪೂರ್ತಿ ವರ್ಷದ ಹುಡುಕಾಟಕ್ಕೆ ಒಂದು ತಿಂಗಳು, ಐಟಿಗೆ ಅವರು ಹೇಳಿದಷ್ಟು. ತಪ್ಪಿದರೆ ಹೊಸ ತಾರೀಖು ಕೊಡಿ, ಹಳೆಯದನ್ನು ಅಳಿಸದೆ ಅದರ ಪಕ್ಕದಲ್ಲೇ ಬರೆಯೋಣ. ತಿದ್ದಿದ ಉತ್ತರ ಸೋಮವಾರದೊಳಗೆ ಬರಲಿ. ಅದರ ಜೊತೆಗೇ ಆ ಹುಡುಗನ ಎಚ್ಚರಿಕೆ ಪತ್ರವನ್ನು ಹಿಂತೆಗೆದುಕೊಂಡ ಪ್ರತಿಯನ್ನೂ ಕಳಿಸಿಕೊಡಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಆಂತರಿಕ ಲೆಕ್ಕಪರಿಶೋಧಕ