ಕಾರು ಉಂಟು, ಕೀ ಇಲ್ಲ

ಕದ್ರಿಯ ಹೋಟೆಲು. ಎದುರಲ್ಲಿ ಬಿಸಿ ಬನ್ಸ್.

"ಮಾರಾಯ್ರೇ, ಆದಿತ್ಯವಾರ ನಿಮ್ಮ ಕಾರು ಬೇಕಿತ್ತು. ಕಟೀಲಿನಲ್ಲಿ ಮದುವೆ."

"ಓಡಿಸುವುದು ಯಾರು?"

"ನಮ್ಮ ಭಾವ. ಕೈ ಭಾರೀ ಪಕ್ಕಾ."

"ಲೈಸೆನ್ಸ್?"

"ಬೈಕಿನದ್ದು ಉಂಟಲ್ಲ! ಕಾರೆಂದರೆ ಎಂತ, ಎರಡು ಬೈಕು ಜೋಡಿಸಿದ ಹಾಗೆ."

(ಇಲ್ಲಿ 'ಕಾರು ಗ್ಯಾರೇಜಿನಲ್ಲಿ' ಎಂಬ ಸುಳ್ಳು ನಾಲಿಗೆಯ ತುದಿಗೆ ಬರುತ್ತದೆ. ಬೇಡ. ಸಂಜೆ ಮೀನು ಮಾರ್ಕೆಟಿನೆದುರು ಅದೇ ಕಾರು ಅವರ ಕಣ್ಣಿಗೆ ಬೀಳುತ್ತದೆ.)

"ಕಾರು ನಾನು ಯಾರಿಗೂ ಕೊಡುವುದಿಲ್ಲ. ತಮ್ಮನಿಗೂ ಇಲ್ಲ."

"ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಉಂಟು, ವಿಮಾ ಕಂಪನಿಯ ಮೇಲೆ ಇಲ್ಲ. ಕಾರಿನ ಲೈಸೆನ್ಸ್ ಇಲ್ಲದವರು ಓಡಿಸಿ ಗುದ್ದಿದರೆ ನನ್ನ ಕಾರಿನ ರಿಪೇರಿಗೆ ಕಂಪನಿ ದುಡ್ಡು ಕೊಡುವುದಿಲ್ಲ. ಗುದ್ದಿಸಿಕೊಂಡವರಿಗೆ ಕೋರ್ಟು ಹೇಳಿದಂತೆ ಕೊಟ್ಟರೂ, ಮತ್ತೆ ನನ್ನಿಂದಲೇ ವಸೂಲಿ ಮಾಡಬಹುದು. ಕೀ ಕೊಟ್ಟ ತಪ್ಪಿಗೆ ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ ಬೇರೆ: 5,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ."

"ಪೆಟ್ರೋಲ್ ಫುಲ್ ಮಾಡಿಸಿ ಕೊಡ್ತೇನೆ."

"ಜೈಲಿಗೆ ಪೆಟ್ರೋಲ್ ಎಂತಕ್ಕೆ?"

ಅವರು ನಕ್ಕರು. ನಕ್ಕ ಗಳಿಗೆಯಲ್ಲೇ ಬದಲಿ ದಾರಿ ಇಡಬೇಕು.

"ಬೆಳಿಗ್ಗೆ ಅಜ್ಜಿಯನ್ನೂ ನಿಮ್ಮನ್ನೂ ನಾನೇ ಕಟೀಲಿಗೆ ಬಿಡ್ತೇನೆ. ಉಳಿದವರಿಗೆ ಸ್ಟೇಟ್ ಬ್ಯಾಂಕಿನಿಂದ ಬಸ್ಸು ಉಂಟು."

"ಹಾಗಾದರೆ ಸಂಜೆವರೆಗೆ ಇರ್ತೀರಲ್ಲ? ಹಾಗೇ ಉಡುಪಿಗೂ..."

"ಊಟ ಮುಗಿದ ಕೂಡಲೇ ವಾಪಸ್."

ಓದುಗರೇ, ಬದಲಿಗೆ ಸಹಾಯ ಮಾಡುವುದಾದರೆ ಅದು ಎಷ್ಟು ಗಂಟೆಗೆ ಮುಗಿಯುತ್ತದೆಂದು ಮೊದಲೇ ಹೇಳಿಬಿಡಿ.