ಎರಡು ಸ್ಕೂಪು, ಒಂದು ಸೌಟು

ಜಿಮ್ಮಿಗೆ ಸೇರಿದ ಹುಡುಗ ಮೊದಲು ಎತ್ತುವ ಭಾರವೆಂದರೆ ಎರಡು ಕಿಲೋ ತೂಕದ ವೇ ಪ್ರೋಟೀನ್ ಡಬ್ಬಿ. ವರ್ಕೌಟ್ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಕೋಚ್ ಹೆದರಿಸಿರುತ್ತಾನೆ. ದಣಿದ ಸ್ನಾಯು ಮರುದಿನದವರೆಗೂ ಪ್ರೋಟೀನಿಗೆ ಬಾಯಿ ತೆರೆದುಕೊಂಡೇ ಇರುತ್ತದೆ. ಅಷ್ಟು ಹೊತ್ತು ಕಾಯಲಾಗದ್ದು ಕೋಚ್‌ನ ಕಮಿಷನ್.

ಇತ್ತ ಮನೆಯಲ್ಲಿ ಒಬ್ಬ ಚಿಕ್ಕಪ್ಪ ಇರುತ್ತಾರೆ. "ವೇ ಅಂದ್ರೆ ಹಾಲು ಒಡೆದ ನೀರು ಕಣೋ. ನಮ್ಮಮ್ಮ ಅದರಲ್ಲೇ ಚಪಾತಿ ಹಿಟ್ಟು ಕಲಸ್ತಿದ್ಳು. ಅದಕ್ಕೆ ಕಿಲೋಗೆ ಮೂರು ಸಾವಿರ ಕೊಡ್ತೀಯಾ?" ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ಲೀಟರ್ ಹಾಲಿನಲ್ಲಿರುವ ಸುಮಾರು 33 ಗ್ರಾಂ ಪ್ರೋಟೀನಿನಲ್ಲಿ ವೇ ಪಾಲು ಐದರಲ್ಲಿ ಒಂದು, ಅಂದರೆ ಆರೇಳು ಗ್ರಾಂ. ಚೀಸ್ ಕಾರ್ಖಾನೆಯವರು ಹಾಲನ್ನು ಉಗುರುಬೆಚ್ಚಗಿಟ್ಟೇ ಹೆಪ್ಪುಗಟ್ಟಿಸುವುದರಿಂದ ಆ ಪಾಲು ನೀರಿನಲ್ಲೇ ಉಳಿಯುತ್ತದೆ. ಅದನ್ನು ಸೋಸಿ ಒಣಗಿಸಿದರೆ ಪುಡಿ. ನಾವೋ ಹಾಲನ್ನು ಕುದಿಸಿ ನಿಂಬೆಹಣ್ಣು ಹಿಂಡುವವರು. ಕುದಿಗೆ ವೇ ಪ್ರೋಟೀನೂ ಕೆಟ್ಟು ಬಹುಪಾಲು ಪನೀರಿಗೇ ಅಂಟಿಕೊಳ್ಳುತ್ತದೆ. ಅಜ್ಜಿ ಚಪಾತಿಗೆ ಹಾಕಿದ್ದು ಹೆಚ್ಚಾಗಿ ಹಾಲಿನ ಸಕ್ಕರೆ, ಉಪ್ಪಿನಂಶದ ನೀರು. ಒಂದು ಸ್ಕೂಪಿನ 24 ಗ್ರಾಂ ವೇ ಬೇಕೆಂದರೆ ಸುಮಾರು ನಾಲ್ಕು ಲೀಟರ್ ಹಾಲಿನ ಪಾಲು ಸೇರಬೇಕು. ಅಷ್ಟು ಚಪಾತಿ ಚಿಕ್ಕಪ್ಪನೂ ತಿಂದಿರಲಾರರು.

ಹಾಗಾದರೆ ಹುಡುಗನಿಗೆ ಬೇಕಾದದ್ದೆಷ್ಟು? ಭಾರ ಎತ್ತುವವರ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅರವತ್ತು ಕಿಲೋ ಹುಡುಗನಿಗೆ 96 ಗ್ರಾಂ ಆಯಿತು. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ ಸಾರು ಮೊಸರು, ರಾತ್ರಿ ಮೂರು ಚಪಾತಿ ಪಲ್ಯ, ನಡುವೆ ಕಾಫಿ. ಕೂಡಿದರೆ 45ರ ಆಸುಪಾಸು. ಅದರಲ್ಲೂ ಅನ್ನ, ಚಪಾತಿಗಳದ್ದೇ ಸಿಂಹಪಾಲು.

ಅಲ್ಲ, ದಿನಾ ಬೇಳೆ ಸಾರು ತಿನ್ನುತ್ತೇವಲ್ಲ? ತಿನ್ನುತ್ತೇವೆ. ಐದು ಜನಕ್ಕೆ ನೂರು ಗ್ರಾಂ ತೊಗರಿಬೇಳೆ. ಅದರಲ್ಲಿ 22 ಗ್ರಾಂ ಪ್ರೋಟೀನು, ತಲೆಗೆ ನಾಲ್ಕೂವರೆ. ಅತಿಥಿ ಬಂದರೆ ಒಂದು ಚೊಂಬು ನೀರು ಸುರಿದು ಆ ನಾಲ್ಕೂವರೆಯಲ್ಲೂ ದಾನಧರ್ಮ ಮಾಡುತ್ತೇವೆ. ಸೌಟು ಮೇಲೆಮೇಲೇ ಓಡಾಡಿದರೆ ಬರುವುದು ಇಂಗು, ಕರಿಬೇವು ಮತ್ತು ವಂಶಪಾರಂಪರ್ಯ. ತಳದ ಬೇಳೆ ಕೊನೆಗೆ ಉಂಡವರಿಗೆ, ಅಂದರೆ ಬಹುಮಟ್ಟಿಗೆ ಅಮ್ಮನಿಗೆ. ಅವರು ಜಿಮ್ಮಿಗೆ ಹೋಗಿದ್ದರೆ ಚೆನ್ನಾಗಿತ್ತು.

ಸಾಲದ ಐವತ್ತು ಗ್ರಾಂ ತುಂಬಲು ಎರಡು ದಾರಿ. ಎರಡು ಸ್ಕೂಪಿಗೆ ಈಗಿನ ಬೆಲೆಯಲ್ಲಿ ಇನ್ನೂರು ರೂಪಾಯಿಯ ಹತ್ತಿರ. ಇಲ್ಲವೇ ನಾಲ್ಕು ಬೇಯಿಸಿದ ಮೊಟ್ಟೆಯಿಂದ 24, ಐವತ್ತು ಗ್ರಾಂ ಬೇಳೆಯ ಗಟ್ಟಿ ತೊವ್ವೆಯಿಂದ 11, ಎರಡು ಬಟ್ಟಲು ಮೊಸರಿನಿಂದ ಎಂಟೊಂಬತ್ತು, ಒಂದು ಹಿಡಿ ಶೇಂಗಾದಿಂದ ಏಳು. ಖರ್ಚು ಐವತ್ತು ಅರವತ್ತು ರೂಪಾಯಿ. ಬೇಳೆಯಲ್ಲಿ ಕೊರತೆಯಿರುವ ಮೆಥಿಯೊನೈನನ್ನು ಅನ್ನ ತುಂಬಿಕೊಡುತ್ತದೆ. ಅನ್ನದಲ್ಲಿ ಕೊರತೆಯಿರುವ ಲೈಸೀನನ್ನು ಬೇಳೆ. ಡಬ್ಬಿಯ ಮೇಲೆ ಇಷ್ಟು ಬರೆದರೆ 'ಕಂಪ್ಲೀಟ್ ಅಮೈನೋ ಪ್ರೊಫೈಲ್' ಎಂದು ಹೊಳೆಯುವ ಸ್ಟಿಕ್ಕರ್ ಬೀಳುತ್ತಿತ್ತು.

ಪುಡಿಯನ್ನು ಬೈಯಲೂ ಮನಸ್ಸಿಲ್ಲ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಅದರಲ್ಲಿ ಧಾರಾಳ, ಬೇಗ ಜೀರ್ಣವೂ ಆಗುತ್ತದೆ. ಬೇಳೆಯೊಂದರಿಂದಲೇ 24 ಗ್ರಾಂ ತೆಗೆಯಹೊರಟರೆ ನೂರು ಗ್ರಾಂಗೂ ಮೀರಿ ಬೇಯಿಸಬೇಕು. ಜೊತೆಗೆ ಅರವತ್ತು ಗ್ರಾಂ ಪಿಷ್ಟವೂ, ಆಫೀಸಿನಲ್ಲಿ ಪಕ್ಕದ ಸೀಟಿನವರ ಮುನಿಸೂ ಬರುತ್ತವೆ. ಮೊಟ್ಟೆ ಮುಟ್ಟದ, ಪಿಜಿಯ ನೀರುಸಾರಿನಲ್ಲಿ ಬದುಕುವ ಹುಡುಗನಿಗೆ ಒಂದು ಸ್ಕೂಪು ನ್ಯಾಯವಾದ ಅನುಕೂಲ.

ಆದರೆ ಡಬ್ಬಿಯಲ್ಲಿರುವುದು ವೇ ಆಗಿರಬೇಕಷ್ಟೆ. ಪ್ರಯೋಗಾಲಯ ಸಾಮಾನ್ಯವಾಗಿ ನೈಟ್ರೋಜನ್ ಅಳೆದು ಪ್ರೋಟೀನ್ ಲೆಕ್ಕ ಹಾಕುತ್ತದೆ. ಅಗ್ಗದ ಗ್ಲೈಸಿನ್, ಟೌರಿನ್ ಬೆರೆಸಿದರೂ ಆ ಲೆಕ್ಕ ಉಬ್ಬುತ್ತದೆ, ತೋಳು ಮಾತ್ರ ಉಬ್ಬುವುದಿಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳ ಪೈಕಿ ಸುಮಾರು ಶೇ. 70ರಷ್ಟರ ಲೇಬಲ್ಲಿನ ಪ್ರೋಟೀನ್ ಮಾಹಿತಿ ಸರಿಯಿರಲಿಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಗ್ಲೈಸಿನ್, ಟೌರಿನ್ ಹೆಸರುಗಳು ಕಂಡರೆ ಮುಂಬದಿಯ ದೊಡ್ಡ ಅಕ್ಷರಕ್ಕೆ ಕೈಮುಗಿದು ಡಬ್ಬಿ ಅಲ್ಲೇ ಇಡುವುದು ಒಳ್ಳೆಯದು.

ಪಕ್ಕದ ಮನೆಯ ಹುಡುಗ ಲೆಕ್ಕವನ್ನೆಲ್ಲ ಅಮ್ಮನ ಮುಂದಿಟ್ಟು, ನಾಳೆಯಿಂದ ತಲೆಗೆ ಐವತ್ತು ಗ್ರಾಂ ಬೇಳೆ ಹಾಕೆಂದ. ಆಕೆ ಐದು ಜನಕ್ಕೆ ಎಷ್ಟಾಯಿತೆಂದು ಮನಸ್ಸಿನಲ್ಲೇ ಗುಣಿಸಿ, "ನಿಂಗೆ ಸಾರು ಬೇಕೋ, ಹೋಳಿಗೆಗೆ ಹೂರಣ ಬೇಕೋ?" ಅಂದರು.